ಆ ಬಾಗಿಲು ತೆರೆದದ್ದು ಯಾರಿಗಾಗಿ?

ಮಾಂಸಾಹಾರದ ಜಾಹೀರಾತುಗಳನ್ನು ನಿಷೇಧಿಸಬೇಕೆಂದು ಕೋರಿ ಕೆಲವು ಜೈನ ಧರ್ಮಾರ್ಥ ಸಂಸ್ಥೆಗಳು 2022ರಲ್ಲಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದವು. ಇತರರ ಹಕ್ಕನ್ನು ಅತಿಕ್ರಮಿಸುವುದೇಕೆ ಎಂದು ನ್ಯಾಯಪೀಠ ಕೇಳಿತು, ಅರ್ಜಿಯನ್ನು ಹಿಂಪಡೆಯಬೇಕಾಯಿತು. ಇದನ್ನು ಸಮಾಜಕ್ಕಾದ ಅವಮಾನವೆಂದು ಬಗೆಯುವ ಮುನ್ನ, ಅನ್ಯರ ಪರವಾಗಿ ಕೋರ್ಟಿಗೆ ಹೋಗುವ ಬಾಗಿಲು ತೆರೆದ ಬಗೆಯನ್ನು ಅರಿಯುವುದು ಒಳಿತು. ಅದರ ಎರಡು ಮುಖ್ಯ ಮೊಕದ್ದಮೆಗಳು ಮುಂಬಯಿಯವೇ.

ಹಾನಿಗೊಳಗಾದವನೇ ದಾವೆ ಹೂಡಬೇಕೆಂಬುದು ಹಳೆಯ ನಿಯಮ. ನಾಗದೇವಿ ಬೀದಿಯ ಹಾರ್ಡ್‌ವೇರ್ ವರ್ತಕರು ಕೆಲವು ವರ್ಷ ಬೋನಸ್ ಕೊಟ್ಟು 1965ರಲ್ಲಿ ನಿಲ್ಲಿಸಿದಾಗ, ಮುಂಬಯಿ ಕಾಮಗಾರ ಸಭಾ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಕ್ಕು ಕಾರ್ಮಿಕರದು, ಸಂಘಕ್ಕೆ ಮೇಲ್ಮನವಿ ಸಲ್ಲಿಸುವ ಅರ್ಹತೆಯಿಲ್ಲ ಎಂಬ ಆಕ್ಷೇಪ ಬಂತು. ಸಣ್ಣ ಅಂಗಡಿಗಳಲ್ಲಿ ಚದುರಿಹೋದ ಬಡ ಕೆಲಸಗಾರರು ಒಬ್ಬೊಬ್ಬರಾಗಿ ಅಲ್ಲಿಗೆ ಮುಟ್ಟಲಾರರೆಂಬುದನ್ನು ಕಂಡು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1976ರಲ್ಲಿ ಆ ಆಕ್ಷೇಪವನ್ನು ತಳ್ಳಿಹಾಕಿದರು.

1981ರಲ್ಲಿ ನ್ಯಾಯಾಧೀಶರ ವರ್ಗಾವಣೆಯ ಕುರಿತು ಕೇಂದ್ರ ಕಾನೂನು ಸಚಿವರು ಹೊರಡಿಸಿದ ಸುತ್ತೋಲೆಯನ್ನು ಮುಂಬಯಿಯ ವಕೀಲರು ಪ್ರಶ್ನಿಸಿದರು. ವಕೀಲರಿಗಾದ ನಷ್ಟವೇನು ಎಂಬುದು ಸರ್ಕಾರದ ವಾದ. ಎಸ್.ಪಿ. ಗುಪ್ತ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಎರಡು ದಾರಿಗಳನ್ನು ತೋರಿದರು. ಬಡತನ ಅಥವಾ ಅಸಹಾಯಕತೆಯಿಂದ ಕೋರ್ಟಿಗೆ ಬರಲಾರದವರ ಪರವಾಗಿ ಯಾವ ನಾಗರಿಕನೂ ಬರಬಹುದು. ಹಾನಿ ನಿರ್ದಿಷ್ಟ ವ್ಯಕ್ತಿಗಲ್ಲದೆ ಇಡೀ ಸಾರ್ವಜನಿಕರಿಗೆ ತಟ್ಟಿದಾಗ, ಆ ವಿಷಯದಲ್ಲಿ ಸಾಕಷ್ಟು ಸಂಬಂಧವುಳ್ಳವರು ಬರಬಹುದು. ವಕೀಲರು ಬಂದದ್ದು ಈ ದಾರಿಯಲ್ಲಿ. ಸ್ವಂತ ಲಾಭಕ್ಕಾಗಲಿ ರಾಜಕೀಯ ಉದ್ದೇಶಕ್ಕಾಗಲಿ ಬರುವವರಿಗೆ ಎರಡೂ ಮುಚ್ಚಿರುತ್ತವೆ.

ಜಾಹೀರಾತಿನ ಅರ್ಜಿ ಈ ಎರಡರಲ್ಲಿ ಎಲ್ಲಿ ನಿಲ್ಲುತ್ತದೆ? ಅರ್ಜಿದಾರ ಸಂಸ್ಥೆಗಳು ಅಸಹಾಯಕವಲ್ಲ. ಮೂಕಪ್ರಾಣಿಗಳ ಪರವಾಗಿ ಮಾತನಾಡಿದೆವೆಂಬ ಸಮರ್ಥನೆ ಜೈನರ ಮನಸ್ಸಿಗೆ ಸಹಜವಾಗಿ ಹೊಳೆಯುತ್ತದೆ. ಆದರೆ ಅರ್ಜಿಯ ದೂರು ತಮ್ಮ ಮನೆಯವರೂ ಮಕ್ಕಳೂ ಇಂಥ ಜಾಹೀರಾತನ್ನು ನೋಡಬೇಕಾಗಿದೆ ಎಂಬುದಾಗಿತ್ತು. ಅದು ಸಮುದಾಯದ ಸ್ವಂತ ಇರಿಸುಮುರಿಸು. ನಿಷೇಧದ ಹೊರೆ ಬೀಳುವುದು ಆ ಆಹಾರವನ್ನು ಮಾರಿ, ಉಂಡು ಬದುಕುವ ಅನ್ಯರ ಮೇಲೆ. ಅಂಥ ಕಾನೂನು ಬೇಕೆನ್ನುವವರು ಶಾಸಕಾಂಗವನ್ನೇ ಕೇಳಬೇಕು.

ಇಂಥ ಅರ್ಜಿಗಳ ವೆಚ್ಚವನ್ನು ಭರಿಸುವುದು ಬಹುಪಾಲು ಶ್ರಾವಕರ ದಾನದ ಹಣ. ಆದುದರಿಂದ ವಕೀಲರ ಶುಲ್ಕಕ್ಕೆ ಮಂಜೂರಾತಿ ನೀಡುವ ಮುನ್ನ ವಿಶ್ವಸ್ತರು ಮೂರು ಪ್ರಶ್ನೆಗಳಿಗೆ ನಡಾವಳಿ ಪುಸ್ತಕದಲ್ಲಿ ಉತ್ತರ ಬರೆಯಲಿ: ಹಾನಿ ಯಾರಿಗೆ? ಅವರೇ ಏಕೆ ಬರಲಾರರು? ಕೋರಿದ ಪರಿಹಾರ ದೊರೆತರೆ ಕಳೆದುಕೊಳ್ಳುವವರು ಯಾರು, ಅವರ ಮಾತನ್ನು ಕೇಳಲಾಗಿದೆಯೇ? ಅನೇಕಾಂತವನ್ನು ಬೋಧಿಸುವ ಸಮಾಜಕ್ಕೆ ಮೂರನೆಯ ಪ್ರಶ್ನೆ ಹೊಸದೇನಲ್ಲ.