ಮುಕ್ಕಣ್ಣನಿಗೆ ಹೋದ ಒಂದು ಅಂಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಲೇ ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತೇನೆ. ಕಳೆದ ತಿಂಗಳು ಸಮಾಸದ ಮೇಲೆ 20 ಅಂಕದ ಕಿರುಪರೀಕ್ಷೆ ಕೊಟ್ಟಿದ್ದೆ. ಉತ್ತರ ಪತ್ರಿಕೆ ಮನೆಗೆ ಹೋದ ರಾತ್ರಿಯೇ ಒಬ್ಬ ಹುಡುಗಿಯ ತಂದೆಯಿಂದ ವಾಟ್ಸ್‌ಆ್ಯಪ್ ಬಂತು. ‘ಸರ್, 7ನೇ ಪ್ರಶ್ನೆಗೆ ಮಗಳು ದ್ವಿಗು ಅಂತ ಬರೆದಿದ್ದಾಳೆ. ಮೂರು ಅನ್ನೋದು ಸಂಖ್ಯೆ ತಾನೇ? ನೀವು ಬರೆಸಿದ ನೋಟ್ಸಿನಲ್ಲೂ ಸಂಖ್ಯೆ ಬಂದರೆ ದ್ವಿಗು ಅಂತಲೇ ಇದೆ. ಎರಡೂ ಸರಿ ಅನ್ನಿಸುತ್ತಲ್ವಾ? ಅರ್ಧ ಅಂಕವಾದರೂ ಕೊಡಬಹುದಿತ್ತು.’

ಪ್ರಶ್ನೆ ಸರಳವಾಗಿತ್ತು. ‘ಮುಕ್ಕಣ್ಣ’ ಯಾವ ಸಮಾಸಕ್ಕೆ ಉದಾಹರಣೆ? ಆಯ್ಕೆಗಳಲ್ಲಿ ದ್ವಿಗು ಮತ್ತು ಬಹುವ್ರೀಹಿ ಎರಡೂ ಇದ್ದವು. ನಾನು ಬಹುವ್ರೀಹಿಗೆ ಅಂಕ ಕೊಟ್ಟಿದ್ದೆ. ‘ಕೀ ಉತ್ತರ ಅದೇ ಸರ್’ ಎಂದು ಟೈಪ್ ಮಾಡಿ, ಕಳಿಸುವ ಮೊದಲು ಅಳಿಸಿದೆ. ಪರೀಕ್ಷೆ ಬರೆದು ಬಂದಾಗ ನನಗೂ ಎಷ್ಟೋ ಸಲ ಅಷ್ಟೇ ಉತ್ತರ ಸಿಕ್ಕಿದೆ. ಅದರಿಂದ ನಾನು ಏನನ್ನೂ ಕಲಿತಿರಲಿಲ್ಲ.

ಮೊದಲು ಹುಡುಗಿಯ ನೋಟ್ಸಿನ ಫೋಟೊ ತರಿಸಿಕೊಂಡೆ. ‘ಪೂರ್ವಪದ ಸಂಖ್ಯೆಯಾಗಿದ್ದರೆ ದ್ವಿಗು’ ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದಳು. ಬೇಗ ನೆನಪಿರಲಿ ಎಂದು ನಾನೇ ಹೇಳಿದ ಸೂತ್ರ ಅದು. ಆದರೆ ಅದು ನಿಯಮದ ಅರ್ಧ ಮಾತ್ರ. ಅವಳ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಗೊತ್ತಾದ ಮೇಲೆ ಹೀಗೆ ಬರೆದೆ:

‘ನಮಸ್ಕಾರ ಸರ್. ನಿಮ್ಮ ಮಗಳು ಗಮನಿಸಿದ್ದು ಸರಿ. ಮುಕ್ಕಣ್ಣ ಎಂಬ ಪದದಲ್ಲಿ ಮೂರು ಇದೆ, ಕಣ್ಣು ಇದೆ. ಆದರೆ ದ್ವಿಗು ಆಗಲು ಸಂಖ್ಯೆ ಇದ್ದರೆ ಸಾಲದು, ಎರಡನೇ ಪದದ ಅರ್ಥವೇ ಮುಖ್ಯವಾಗಿರಬೇಕು. ಈ ಎರಡನೇ ಮಾತನ್ನು ನಾನು ಬರೆಸಿರಲಿಲ್ಲ, ಅದು ನನ್ನ ತಪ್ಪು. ಸಪ್ತಸ್ವರ ಎಂದರೆ ಏಳು ಸ್ವರಗಳು. ಇಡೀ ಪದ ಸ್ವರಗಳ ಬಗ್ಗೆಯೇ ಹೇಳುತ್ತದೆ, ಹಾಗಾಗಿ ಅದು ದ್ವಿಗು. ಮುಕ್ಕಣ್ಣ ಎಂದರೆ ಮೂರು ಕಣ್ಣುಗಳಲ್ಲ. ಮೂರು ಕಣ್ಣು ಉಳ್ಳವನು ಯಾವನೋ ಅವನು, ಅಂದರೆ ಶಿವ. ಮೂರು ಎಂಬ ಪದವಾಗಲಿ ಕಣ್ಣು ಎಂಬ ಪದವಾಗಲಿ ಶಿವನನ್ನು ಹೆಸರಿಸುವುದಿಲ್ಲ. ಎರಡೂ ಸೇರಿ ಹೊರಗಿರುವ ಮೂರನೆಯವನನ್ನು ತೋರಿಸುತ್ತವೆ. ಹೀಗೆ ಅನ್ಯಪದದ ಅರ್ಥ ಮುಖ್ಯವಾದರೆ ಅದು ಬಹುವ್ರೀಹಿ.

‘ಮಗಳಿಗೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಲು ಹೇಳಿ. ಪದದ ಮುಂದೆ ಕ್ರಿಯಾಪದ ಹಾಕಲಿ. ‘ಮುಕ್ಕಣ್ಣ ಬಂದನು’ ಎನ್ನುತ್ತೇವೆಯೇ ಹೊರತು ‘ಮುಕ್ಕಣ್ಣ ಬಂದಿತು’ ಎನ್ನುವುದಿಲ್ಲ. ಬಂದದ್ದು ಕಣ್ಣಲ್ಲ, ಕಣ್ಣುಳ್ಳವನು. ಪದದ ಕೊನೆಯನ್ನೂ ನೋಡಲಿ. ಕಣ್ಣು ಎಂಬುದು ಇಲ್ಲಿ ‘ಕಣ್ಣ’ ಆಗಿದೆ. ಪ್ರಶ್ನೆಯಲ್ಲಿ ‘ಮುಕ್ಕಣ್ಣು’ ಎಂದಿದ್ದರೆ ಅವಳ ಉತ್ತರಕ್ಕೆ ನಾನೇ ಪೂರ್ತಿ ಅಂಕ ಕೊಡುತ್ತಿದ್ದೆ. ಅರ್ಧ ಅಂಕ ಕೊಟ್ಟರೆ ಎರಡೂ ಸರಿ ಎಂದು ಅವಳಿಗೆ ಹೇಳಿದಂತಾಗುತ್ತದೆ. ಹಾಗಾಗಿ ಕೊಡುತ್ತಿಲ್ಲ. ನೋಟ್ಸನ್ನು ನಾಳೆ ತಿದ್ದಿಸುತ್ತೇನೆ.’

ವಿಷಯ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಮಾರನೇ ದಿನ ಸಂಜೆ ಹುಡುಗಿ ಉತ್ತರ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ‘ಸರ್, ನೀವು ಹೇಳಿದ ಹಾಗೆ ಮಾಡಿ ನೋಡಿದೆ. ಹಾಗಾದರೆ 12ನೇ ಪ್ರಶ್ನೆ?’ ಎಂದಳು.

ಆ ಪ್ರಶ್ನೆಯಲ್ಲಿದ್ದ ಪದ ‘ದಶಮುಖ’. ಅದಕ್ಕೂ ಅವಳು ದ್ವಿಗು ಎಂದು ಬರೆದಿದ್ದಳು. ರಾವಣನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ನಾನು ತಪ್ಪು ಹಾಕಿದ್ದೆ. ನಾನು ಕೊಟ್ಟ ಅಳತೆಯಲ್ಲೇ ಅಳೆದು ನೋಡಿದೆ. ‘ದಶಮುಖ ಬಂದನು’ ಎಂದರೆ ಹತ್ತು ಮುಖ ಉಳ್ಳವನು, ಬಹುವ್ರೀಹಿ. ‘ದಶಮುಖ ಕಾಣಿಸಿತು’ ಎಂದರೆ ಹತ್ತು ಮುಖಗಳು, ದ್ವಿಗು. ಎರಡು ವಾಕ್ಯವೂ ನಿಲ್ಲುತ್ತವೆ. ಕನ್ನಡದ ‘ಕಣ್ಣು’ ವ್ಯಕ್ತಿಯನ್ನು ಹೇಳುವಾಗ ಕೊನೆ ಬದಲಿಸಿ ‘ಕಣ್ಣ’ ಆಗುತ್ತದೆ. ಸಂಸ್ಕೃತದಿಂದ ಬಂದ ‘ಮುಖ’ ಮೊದಲೇ ಅಕಾರದಲ್ಲಿ ಮುಗಿಯುವುದರಿಂದ ಎರಡು ಅರ್ಥದಲ್ಲೂ ಹಾಗೆಯೇ ಉಳಿಯುತ್ತದೆ. ‘ದಶಮುಖನು’ ಎಂದೋ ‘ದಶಮುಖಗಳು’ ಎಂದೋ ಕೊಟ್ಟಿದ್ದರೆ ಗೊಂದಲ ಇರುತ್ತಿರಲಿಲ್ಲ. ಒಂಟಿ ಪದ ಕೊಟ್ಟು ಒಂದೇ ಉತ್ತರ ಬಯಸಿದ್ದು ನನ್ನ ದೋಷ. ಅವಳಿಗೂ ಹಾಗೆ ಬರೆದ ಉಳಿದ ಮಕ್ಕಳಿಗೂ ಆ ಅಂಕ ಕೊಟ್ಟೆ. 7ನೇ ಪ್ರಶ್ನೆಯ ಅಂಕ ಮಾತ್ರ ಕೊಡಲಿಲ್ಲ. ಅದನ್ನು ಅವಳೂ ಕೇಳಲಿಲ್ಲ.

ಎರಡು ಆಯ್ಕೆಗಳು ಸರಿ ಅನ್ನಿಸುವ ಪ್ರಶ್ನೆಗಳಲ್ಲಿ ಎರಡು ಬಗೆ ಇವೆ ಎಂಬುದು ನನಗೆ ಅಂದು ಸ್ಪಷ್ಟವಾಯಿತು. ಮೊದಲನೆಯದು ಮುಕ್ಕಣ್ಣನ ಬಗೆ. ಅಲ್ಲಿ ಒಂದು ಆಯ್ಕೆ ಅರ್ಧ ನಿಯಮಕ್ಕೆ ಮಾತ್ರ ಹೊಂದುತ್ತದೆ, ಇನ್ನೊಂದು ಪೂರ್ತಿ ನಿಯಮಕ್ಕೆ ಹೊಂದುತ್ತದೆ. ಅರ್ಧ ಗೊತ್ತಿರುವವರು ಎಲ್ಲಿ ಎಡವುತ್ತಾರೆ ಎಂದು ತಿಳಿದೇ ಪ್ರಶ್ನೆ ತೆಗೆಯುವವರು ಆ ಆಯ್ಕೆ ಇಟ್ಟಿರುತ್ತಾರೆ. ಅದನ್ನು ತಪ್ಪು ಎನ್ನುವುದು ಅನ್ಯಾಯವಲ್ಲ. ಎರಡನೆಯದು ದಶಮುಖನ ಬಗೆ. ಪೂರ್ತಿ ನಿಯಮ ಹಚ್ಚಿದ ಮೇಲೂ ಎರಡು ಆಯ್ಕೆಗಳು ಉಳಿಯುತ್ತವೆ. ಅಲ್ಲಿ ದೋಷ ಪ್ರಶ್ನೆಯದೇ.

ಇದನ್ನು ಬಿಡಿಸಿ ನೋಡುವ ಅಭ್ಯಾಸ ನನ್ನಂಥ ಉದ್ಯೋಗಾಕಾಂಕ್ಷಿಗಳಿಗೂ ಬೇಕು. ನೇಮಕಾತಿ ಪರೀಕ್ಷೆಗಳ ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಸಿಗುತ್ತವೆ. ನಾನೂ ಒಮ್ಮೆ ‘ಎರಡು ಉತ್ತರಗಳೂ ಸರಿ ಇವೆ, ಕೃಪಾಂಕ ಕೊಡಿ’ ಎಂದಷ್ಟೇ ಬರೆದು ಕಳಿಸಿದ್ದೆ. ನನಗೆ ಹಾಗೆ ಅನ್ನಿಸಿತ್ತು ಎಂಬುದನ್ನು ಬಿಟ್ಟು ಅದರಲ್ಲಿ ಏನೂ ಇರಲಿಲ್ಲ. ಈಗಾಗಿದ್ದರೆ ಎರಡೂ ವಿಗ್ರಹವಾಕ್ಯಗಳನ್ನು ಬಿಡಿಸಿ ಬರೆಯುತ್ತಿದ್ದೆ, ಎರಡನ್ನೂ ವಾಕ್ಯದಲ್ಲಿ ಬಳಸಿ ತೋರಿಸುತ್ತಿದ್ದೆ, ನಿಯಮ ಇರುವ ಪುಸ್ತಕದ ಪುಟವನ್ನು ಲಗತ್ತಿಸುತ್ತಿದ್ದೆ. ಹಾಗೆ ಬರೆಯಲು ಕೂತರೆ ಇನ್ನೊಂದು ಲಾಭವೂ ಇದೆ. ನಮ್ಮದು ಮುಕ್ಕಣ್ಣನ ಬಗೆಯಾಗಿದ್ದರೆ ಬರೆಯುವಾಗಲೇ ಗೊತ್ತಾಗುತ್ತದೆ.

ಕಲಿಸುವವರಿಗೂ ಒಂದು ಮಾತು. ಸರಿಯುತ್ತರ ಏಕೆ ಸರಿ ಎಂದು ನಾವು ಹೇಳುತ್ತೇವೆ. ಮಗು ಆರಿಸಿದ ಉತ್ತರ ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿ ತಪ್ಪಿತು ಎಂದು ಹೇಳುವುದಿಲ್ಲ. ಅದನ್ನು ಹೇಳಲು ಹೊರಟರೆ ಕೆಲವೊಮ್ಮೆ ನಮ್ಮ ಕೆಂಪು ಶಾಯಿಯನ್ನೇ ಅಳಿಸಬೇಕಾಗುತ್ತದೆ. ಹೇಳದೇ ಹೋದರೆ ಮಗು ಆ ಪದಕ್ಕೆ ಬಹುವ್ರೀಹಿ ಎಂದು ಬಾಯಿಪಾಠ ಮಾಡಿಕೊಂಡು, ಮುಂದಿನ ಪರೀಕ್ಷೆಯಲ್ಲಿ ‘ಸಪ್ತಸ್ವರ’ಕ್ಕೂ ಬಹುವ್ರೀಹಿ ಎಂದೇ ಬರೆದು ಬರುತ್ತದೆ.

ಆ ತಂದೆ ಮರುದಿನ ಕಳಿಸಿದ್ದು ಒಂದೇ ಸಾಲು: ‘ಸರ್, ನೋಟ್ಸ್ ತಿದ್ದಿಸಿದ್ದು ನೋಡಿದೆ.’ ಈಗ ಅದರಲ್ಲಿ ಕೆಂಪು ಗೆರೆಯ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೊಂದು ಸಾಲಿದೆ: ‘ಸಂಖ್ಯೆ ಇದೆಯಾ ನೋಡು, ಆಮೇಲೆ ಯಾರ ಬಗ್ಗೆ ಹೇಳ್ತಿದೆ ಕೇಳು.’ ಅದು ನಾನು ಬರೆಸಿದ್ದಲ್ಲ, ಅವಳೇ ಬರೆದುಕೊಂಡದ್ದು.