ಕನಿಕರ ಬೇಡ, ಮಾನದಂಡ ತೆಗೆಯಿರಿ



ದೇವರಾಯಸಮುದ್ರದ ಕಡೆಯ ನಮ್ಮ ಹುಡುಗನೊಬ್ಬ ಎಂ.ಎ. ಕೊನೇ ವರ್ಷದ ಪ್ರಬಂಧ ಬರೆದ. ವಿಷಯ, ತನ್ನೂರ ಸುತ್ತಿನ ಐದು ಕೆರೆಗಳ ನೀರುಗಂಟಿಗಳು. ತೂಬು ಎತ್ತಿ ಇಳಿಸಿದವರು, ಗದ್ದೆಗದ್ದೆಗೆ ನೀರು ಹಂಚಿದವರು, ಮಳೆಯ ರಾತ್ರಿ ಏರಿಯ ಮೇಲೆ ಕಾವಲು ಕೂತವರು ನಮ್ಮ ಅಜ್ಜಂದಿರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಚಾಕರಿಯನ್ನು ಕಾಗದದ ಮೇಲೆ ತೆಗೆದುಹಾಕಿತು. ತೆಗೆದ ಮೇಲೂ ಕೆರೆ ಕಾದವರು ಯಾರು, ಅವರಿಗೆ ಕೂಲಿ ಕೊಟ್ಟವರು ಯಾರು ಅನ್ನೋದು ಅವನ ಪ್ರಶ್ನೆ. ಹದಿನಾಲ್ಕು ಮಂದಿ ಮುದುಕರ ಹತ್ತಿರ ಕೂತು, ಅವರ ತೆಲುಗು ಬೆರೆತ ಮಾತನ್ನು ಬರೆದುಕೊಂಡು ಬಂದ.

ನೂರಕ್ಕೆ ನಲವತ್ತನಾಲ್ಕು ಬಂತು. ಎಲ್ಲ ಸೇರಿ ಎರಡು ಸಾವಿರಕ್ಕೆ 991. ನೆಟ್ ಪರೀಕ್ಷೆಗೆ ನಮ್ಮವರಿಗೆ ಬೇಕಾದ ಶೇಕಡ 50ಕ್ಕೆ ಒಂಬತ್ತು ಅಂಕ ಕಡಿಮೆ.

ಅವನು ಮೊದಲು ಬರೆದ ಮೇಲ್ಮನವಿಯನ್ನು ಹಾಸ್ಟೆಲ್ಲಿನಲ್ಲಿ ಓದಿದೆವು. ನಮಗೆ ನಾಚಿಕೆಯಾಯಿತು. ಸಿಟ್ಟು ಅವನ ಮೇಲಲ್ಲ, ಆ ಭಾಷೆ ಕಲಿಸಿದವರ ಮೇಲೆ. 'ಮಹಾಸ್ವಾಮಿಗಳಲ್ಲಿ ಕಳಕಳಿಯ ಪ್ರಾರ್ಥನೆ. ನಾನು ಕಡುಬಡವ. ತಂದೆ ಕೂಲಿ. ತಾವು ದೊಡ್ಡ ಮನಸ್ಸು ಮಾಡಿ ಒಂಬತ್ತು ಅಂಕ ದಯಪಾಲಿಸಬೇಕು.' ಎರಡು ಪುಟದಲ್ಲಿ ಪ್ರಬಂಧದ ಮಾತು ಒಂದು ಸಾಲೂ ಇಲ್ಲ! ಊರ ಮುಂದೆ ಟವೆಲ್ಲು ಬಗಲಿಗೆ ಇಟ್ಟುಕೊಂಡು ನಿಲ್ಲೋದನ್ನ ಬಿಟ್ಟು ಬಂದೆವು ಅಂದುಕೊಂಡಿದ್ದೆವು. ಅರ್ಜಿಯಲ್ಲಿ ಇನ್ನೂ ಹಾಗೇ ನಿಂತಿದ್ದೇವೆ.

ಮರ್ಯಾದೆಯ ಪ್ರಶ್ನೆ ಪಕ್ಕಕ್ಕಿಡೋಣ. ಈ ಕಾಗದ ಕೆಲಸಕ್ಕೂ ಬರೋದಿಲ್ಲ. ಬಡತನಕ್ಕೆ ಇಷ್ಟು ಅಂಕ ಅಂತ ಯಾವ ಮೌಲ್ಯಮಾಪನದ ಪಟ್ಟಿಯಲ್ಲೂ ಕಾಲಂ ಇಲ್ಲ. ಒಂಬತ್ತು ಅಂಕ ಬೇಕು ಅಂತ ಬರೆದರೆ 'ಬೇಕಾಗಿದೆ, ಅದಕ್ಕೆ ಕೇಳುತ್ತಿದ್ದಾನೆ' ಅಂತ ಪಕ್ಕಕ್ಕೆ ಎಸೆಯೋದು ಸುಲಭ. ನಿಯಮವೂ ಹಾಗೇ ಇದೆ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಮರುಮೌಲ್ಯಮಾಪನ ಕೇಳುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟು 1984ರಲ್ಲೇ ಹೇಳಿತು. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳಲ್ಲಿ ಒಂದು ಸಮಿತಿ ಉಂಟು, ಅದರ ಮೇಲೆ ಓಂಬುಡ್ಸ್‌ಪರ್ಸನ್ ಉಂಟು. ಆದರೆ ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ, ನಿರ್ದಿಷ್ಟ ತಾರತಮ್ಯವನ್ನೋ ತೋರಿಸದ ಮರುಮೌಲ್ಯಮಾಪನದ ಅರ್ಜಿಯನ್ನು ಆ ಓಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವ ಹಾಗೇ ಇಲ್ಲ. 'ನಿರ್ದಿಷ್ಟ' ಅನ್ನೋ ಮಾತನ್ನು ನೋಡಿ. 'ಅನ್ಯಾಯವಾಗಿದೆ' ಅಂತ ಕೂಗೋದು ನಿರ್ದಿಷ್ಟ ಅಲ್ಲ. ಇಂಥ ಮಾನದಂಡ, ಇಂಥ ಪುಟ, ಇಂಥ ಷರಾ ಅನ್ನೋದು ನಿರ್ದಿಷ್ಟ.

ಹಾಗಾಗಿ ಕಾಗದ ಹರಿದು ಹಾಕಿ ಮೊದಲಿಂದ ಶುರು ಮಾಡಿದೆವು. ಮೊದಲ ಕೆಲಸ ಬರೆಯೋದಲ್ಲ, ತರಿಸಿಕೊಳ್ಳೋದು. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಅಭ್ಯರ್ಥಿಗೆ ಉಂಟು ಅಂತ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ಕೊಟ್ಟಿದೆ. ಅದನ್ನು ಹಿಡಿದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅಂಕಗಳ ವಿವರ, ಪರೀಕ್ಷಕರ ಷರಾ, ವಿಭಾಗದ ಮಾನದಂಡ ಕೇಳಿದೆವು. ಪರೀಕ್ಷಕರ ಹೆಸರು ಕೇಳಲಿಲ್ಲ. ಅದನ್ನು ಕೊಡುವ ಹಾಗಿಲ್ಲ, ನಮಗೆ ಅದು ಬೇಕೂ ಇಲ್ಲ. ಮೂವತ್ತು ದಿನದೊಳಗೆ ಬಂತು. ಅಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದುಬಿಡಬಹುದು, ಹುಷಾರು. 'ದಾಖಲೆ ಬಂದ ಮೇಲೆ ವಿವರ ಸಲ್ಲಿಸುತ್ತೇನೆ' ಅಂತ ಒಂದು ಚಿಕ್ಕ ಕಾಗದವನ್ನು ಗಡುವಿನೊಳಗೇ ಕೊಟ್ಟಿಟ್ಟಿದ್ದೆವು.

ಬಂದ ಹಾಳೆ ಹೀಗಿತ್ತು. ವಿಷಯ ನಿರೂಪಣೆ ಹತ್ತಕ್ಕೆ 6. ಪೂರ್ವ ಅಧ್ಯಯನ ಹದಿನೈದಕ್ಕೆ 7. ವಿಧಾನ ಇಪ್ಪತ್ತಕ್ಕೆ 5. ಮಾಹಿತಿ ಮತ್ತು ವಿಶ್ಲೇಷಣೆ ಮೂವತ್ತಕ್ಕೆ 13. ಬರವಣಿಗೆ ಮತ್ತು ಉಲ್ಲೇಖ ಹದಿನೈದಕ್ಕೆ 6. ಮೌಖಿಕ ಹತ್ತಕ್ಕೆ 7. ವಿಧಾನದ ಎದುರು ಷರಾ: 'ದಾಖಲೆ ಇಲ್ಲ, ಬರೀ ಬಾಯಿಮಾತು.' ವಿಶ್ಲೇಷಣೆಯ ಎದುರು: 'ತೀರ್ಮಾನ ಒಪ್ಪಲಾಗದು.'

ಹುಡುಗ ಆರಕ್ಕೆ ಆರನ್ನೂ ಪ್ರಶ್ನಿಸ್ತೀನಿ ಅಂದ. ಬೇಡ ಅಂದೆವು. ಉಲ್ಲೇಖದ ಕ್ರಮ ನಿಜವಾಗಿಯೂ ಕೆಟ್ಟಿತ್ತು. ಎಷ್ಟೋ ಕಡೆ ಪುಸ್ತಕದ ಹೆಸರಿದೆ, ಪುಟವಿಲ್ಲ. ಪೂರ್ವ ಅಧ್ಯಯನವೂ ತೆಳು. ಅವನು ಸ್ವಲ್ಪ ಮುನಿಸಿಕೊಂಡ. ಆದರೆ ಒಪ್ಪಬೇಕಾದ್ದನ್ನು ಒಪ್ಪಿಕೊಂಡವನ ಉಳಿದ ಮಾತಿಗೆ ತೂಕ ಬರುತ್ತೆ. ಆರನ್ನೂ ಹಿಡಿದು ಜಗ್ಗಿದರೆ ಸಮಿತಿ ಅತಿ ದುರ್ಬಲವಾದ ಒಂದಕ್ಕೆ ಉತ್ತರ ಕೊಟ್ಟು ಬಾಗಿಲು ಹಾಕುತ್ತೆ.

ಕೊನೆಗೆ ಎರಡೇ ಮಾನದಂಡ ಹಿಡಿದೆವು. ಕಾಗದದ ಮುಖ್ಯ ಭಾಗ ಇದು:

'ವಿಭಾಗದ ಮಾನದಂಡ ವಿಧಾನದ ಕೆಳಗೆ ಮೂರು ಪ್ರಶ್ನೆ ಕೇಳುತ್ತದೆ. ವಿಧಾನ ವಿಷಯಕ್ಕೆ ಹೊಂದುತ್ತದೆಯೆ? ಮಾಹಿತಿದಾರರ ಆಯ್ಕೆಗೆ ಕಾರಣ ಕೊಟ್ಟಿದೆಯೆ? ಮಾಹಿತಿಯನ್ನು ಬೇರೆ ಮೂಲದೊಂದಿಗೆ ತಾಳೆ ನೋಡಿದೆಯೆ? ಮೊದಲನೆಯದಕ್ಕೆ ಉತ್ತರ 19ನೇ ಪುಟದಲ್ಲಿದೆ: ರದ್ದಾದ ಹುದ್ದೆಯ ನಂತರದ ಕೂಲಿಯನ್ನು ಯಾರೂ ಲೆಕ್ಕದಲ್ಲಿ ಬರೆದಿಲ್ಲ, ಆದ್ದರಿಂದ ಸಂದರ್ಶನ. ಎರಡನೆಯದು 22ರಿಂದ 27. ಮೂರನೆಯದು ಅನುಬಂಧದ 88ನೇ ಪುಟದ ಕೋಷ್ಟಕ. ಅಲ್ಲಿ ಹದಿನಾಲ್ಕು ಹೇಳಿಕೆಗಳನ್ನು ಗ್ರಾಮದ ಕಾಗದಪತ್ರಗಳೊಂದಿಗೆ ಹೋಲಿಸಿ, ಹೊಂದದ ಮೂರನ್ನು ಹೊಂದದವೆಂದೇ ತೋರಿಸಿದೆ. ಬಾಯಿಮಾತಿನ ಮಾಹಿತಿಗೆ ಅಂಕವಿಲ್ಲ ಎಂದು ಮಾನದಂಡ ಎಲ್ಲಿಯೂ ಹೇಳಿಲ್ಲ. ಷರಾದಲ್ಲಿ 88ನೇ ಪುಟದ ಪ್ರಸ್ತಾಪವಿಲ್ಲ. ವಿಶ್ಲೇಷಣೆಯ ಮಾನದಂಡ ತೀರ್ಮಾನವು ಮಾಹಿತಿಯಿಂದ ಹೊರಡುತ್ತದೆಯೆ ಎಂದು ಕೇಳುತ್ತದೆ, ಪರೀಕ್ಷಕರು ಅದನ್ನು ಒಪ್ಪುತ್ತಾರೆಯೆ ಎಂದಲ್ಲ. ಈ ಎರಡು ಮಾನದಂಡಗಳಲ್ಲಿ ಪ್ರಬಂಧವನ್ನು ಮತ್ತೊಬ್ಬ ಪರೀಕ್ಷಕರು ನೋಡಬೇಕೆಂದು ಕೋರುತ್ತೇನೆ. ಉಳಿದ ನಾಲ್ಕನ್ನು ಪ್ರಶ್ನಿಸುತ್ತಿಲ್ಲ.'

ಒಂದೂಕಾಲು ಪುಟ. ಇಷ್ಟು ಅಂಕ ಕೊಡಿ ಅನ್ನೋ ಮಾತೇ ಇಲ್ಲ. ಅಂಕ ಹಾಕೋದು ಪರೀಕ್ಷಕರ ಕೆಲಸ. ತಾವೇ ಅಚ್ಚುಹಾಕಿದ ಮಾನದಂಡದ ಪ್ರಕಾರ ಹಾಕಿ ಅನ್ನೋದು ನಮ್ಮ ಹಕ್ಕು.

ಒಪ್ಪೋದು ಬೇರೆ, ಅಳೆಯೋದು ಬೇರೆ. ಬಾಬಾಸಾಹೇಬರು 1922ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಕೊಟ್ಟರು. ಪರೀಕ್ಷಕರು ತಿದ್ದಿ ತನ್ನಿ ಅಂದರು. ತಿದ್ದಿ ಮತ್ತೆ ಕೊಟ್ಟರು, 1923ರಲ್ಲಿ ಡಿ.ಎಸ್‌ಸಿ. ಬಂತು. ಅದು ಪುಸ್ತಕವಾದಾಗ ಮುನ್ನುಡಿ ಬರೆದ ಎಡ್ವಿನ್ ಕ್ಯಾನನ್, ಅಂಬೇಡ್ಕರರ ಹೆಚ್ಚಿನ ವಾದಗಳನ್ನು ತಾವು ಒಪ್ಪೋದಿಲ್ಲ ಅಂತ ಅಲ್ಲೇ ಬರೆದರು. ಒಪ್ಪದೇನೇ ಮುನ್ನುಡಿ ಬರೆದರು! ನಮ್ಮ ಮೇಷ್ಟ್ರುಗಳಿಗೆ ನೀರುಗಂಟಿಯ ಕೂಲಿಯ ಮಾತು ಒಪ್ಪಿಗೆಯಾಗದಿದ್ದರೆ ಆಗದಿರಲಿ, ಪಾಠದಲ್ಲಿ ವಾದ ಮಾಡಲಿ. ಅದನ್ನು ಅಂಕದ ಕಾಲಮ್ಮಿನಲ್ಲಿ ತೀರಿಸಿಕೊಳ್ಳೋದು ಏತರ ನ್ಯಾಯ?

ಕೆಲವು ಗೆಳೆಯರು ಕೇಳಿದರು: ಜಾತಿಯ ಮಾತು ಯಾಕೆ ಬರೆಯಲಿಲ್ಲ, ಹೆದರಿದಿರಾ? ಹೆದರಲಿಲ್ಲ. ಮೌಖಿಕದ ದಿನ ಕೋಣೆಯಲ್ಲಿ ಬಂದ ಒಂದು ಮಾತಿದೆ. ದಿನಾಂಕ, ಹೊತ್ತು, ಕೇಳಿಸಿಕೊಂಡ ಇಬ್ಬರ ಹೇಳಿಕೆ ಸಮೇತ ಅದು ಬೇರೆ ದೂರಾಗಿ ಹೋಗಿದೆ. ಎರಡನ್ನೂ ಒಂದೇ ಕಾಗದದಲ್ಲಿ ಹಾಕಿದ್ದರೆ ಅಂಕದ ಪ್ರಶ್ನೆಗೆ 'ಜಾತಿ ಎಳೆದ' ಅಂತಲೂ, ಜಾತಿಯ ಪ್ರಶ್ನೆಗೆ 'ಅಂಕಕ್ಕಾಗಿ ಹೇಳಿದ' ಅಂತಲೂ ಉತ್ತರ ಬರುತ್ತಿತ್ತು. ಈ ಆಟ ನಮಗೆ ಹಳೇದು.

ಮರುಪರಿಶೀಲನೆಯಲ್ಲಿ ಅಂಕ ಇಳಿಯಲೂಬಹುದು. ಅದನ್ನು ಅವನಿಗೂ ಅವನ ತಂದೆಗೂ ಮೊದಲೇ ಹೇಳಿದೆವು. ತಂದೆ ಕೇಳಿದ್ದು ಒಂದೇ: 'ಆ ಮುದುಕರು ಹೇಳಿದ್ದು ಸುಳ್ಳು ಅಂತ ಬರೆದಿದಾರಾ?' ಸುಳ್ಳು ಅಂತಲ್ಲ, ಬಾಯಿಮಾತು ಅಂತ ಬರೆದಿದಾರೆ ಅಂದೆವು. 'ಹಂಗಾದ್ರೆ ಹಾಕು' ಅಂದರು.

ಸೋಮವಾರ ಐದು ಮಂದಿ ಹೋಗಿ ಕೊಟ್ಟೆವು. ಗುಮಾಸ್ತ ಇಟ್ಟು ಹೋಗಿ ಅಂದ. ನಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಬೀಳುವತನಕ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಸಮಿತಿ ವರದಿ ಕೊಡೋದಕ್ಕೆ ಹದಿನೈದು ಕೆಲಸದ ದಿನ. ಅದು ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ ಹೋಗಲು ಇನ್ನು ಹದಿನೈದು ದಿನ. ಮೊಹರು ಬಿದ್ದ ಪ್ರತಿ ಹಾಸ್ಟೆಲ್ಲಿನ ನಮ್ಮ ಕೋಣೆಯಲ್ಲಿದೆ, ಮಾದರಿ ಬೇಕಾದವರು ಬಂದು ನಕಲು ಮಾಡಿಕೊಳ್ಳಬಹುದು.