ಗಾಲಿ ನುಂಗಿದ ಸೀರೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಓಡಾಡುವುದು ಗಾಲಿಕುರ್ಚಿಯಲ್ಲಿ. ಮದುವೆಯ ಮಾತುಕತೆಗೆಂದು, ತನ್ನ ಫೋಟೋದಲ್ಲಿ ಚೂಡಿದಾರದ ಬದಲು ರೇಷ್ಮೆ ಸೀರೆ ಕೂರಿಸಿಕೊಡಿ ಎಂದು ಸ್ಟುಡಿಯೋದವರನ್ನು ಕೇಳಿದಳು. ಬಂದ ಚಿತ್ರ ನೋಡಿ ನನಗೆ ಸಿಟ್ಟೇ ಬಂತು. ಯಾರೋ ನಿಂತವಳ ಸೀರೆಯನ್ನು ತಂದು ಅಂಟಿಸಿದ್ದರು. ನೆರಿಗೆ ಸೊಂಟದಿಂದ ನೆಟ್ಟಗಿಳಿದು ಕಾಲಿಡುವ ಹಲಗೆಯನ್ನು ನುಂಗಿತ್ತು. ಸೆರಗಿನ ಅಂಚಿನಲ್ಲಿ ಗಾಲಿಯ ಕಡ್ಡಿಗಳು ಕರಗಿದ್ದವು. "ಕುರ್ಚಿ ಕಾಣದಿದ್ದರೇ ಒಳ್ಳೆಯದಲ್ಲವೇ, ಮೇಡಂ?" ಎಂದರು.

ಅಲ್ಲ ಸ್ವಾಮಿ. ಕೂತವರ ಸೀರೆ ಬೀಳುವ ರೀತಿಯೇ ಬೇರೆ. ಸೊಂಟದ ಬಳಿ ಅಡ್ಡ ಸುಕ್ಕು, ತೊಡೆಯ ಮೇಲೆ ಬಿಗಿ. ಮಂಡಿಯಲ್ಲಿ ಬಾಗಿದ ಮೇಲಷ್ಟೇ ನೆರಿಗೆ ಕೆಳಗಿಳಿಯುತ್ತದೆ. ಸೆರಗು ಕೈಯಾಸರೆಯ ಒಳಗೇ ಇರಬೇಕು. ಹೊರಗೆ ಜೋತರೆ ಗಾಲಿಗೆ ಸಿಕ್ಕಿಕೊಳ್ಳುತ್ತದೆಂದು ಅವಳಿಗೆ ಗೊತ್ತು. ಆದ್ದರಿಂದ ಅದೇ ಕೋನದಲ್ಲಿ, ಅದೇ ಕಡೆಯ ಬೆಳಕಿನಲ್ಲಿ ಕೂತವರ ಸೀರೆಯನ್ನೇ ಆರಿಸಿ. ಮೊದಲು ಕುರ್ಚಿಯನ್ನು ಬೇರೆ ಪದರವಾಗಿ ಕತ್ತರಿಸಿಟ್ಟುಕೊಳ್ಳಿ. ಮೈಗಿಂತ ಮುಂದಿರುವ ಗಾಲಿ, ಕೈಯಾಸರೆಗಳನ್ನು ಬಟ್ಟೆಯ ಮೇಲೆ ಕೂರಿಸಿ. ಕೊನೆಗೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಮುಂದಿನ ಗಾಲಿಯ ಕಡ್ಡಿ ಎಣಿಸಿ. ಒಂದು ಕಡಿಮೆಯಾದರೂ ಕೆಲಸ ಕೆಟ್ಟಿತು.

ಅವಳು ಬದಲಿಸಿ ಎಂದದ್ದು ಬಟ್ಟೆಯನ್ನು, ತನ್ನನ್ನಲ್ಲ. ನೋಡಲು ಬರುವ ಹುಡುಗನಿಗೆ ಕುರ್ಚಿಯೂ ಕಾಣಲಿ.